ಕವಿತೆಯ ಮೇಲಿನ ಒಂದು ಸಾಲು ಕೆಳಗಿನ ‘ನೀ’ಯನ್ನು ಹೇಗೆ ಬದಲಿಸುತ್ತದೆ: ಹಂತ ಹಂತವಾಗಿ

ಕವಿತೆಯ ಶೀರ್ಷಿಕೆಗೂ ಮೊದಲ ಸಾಲಿಗೂ ನಡುವೆ ಒಂದು ಸಣ್ಣ ಜಾಗ ಇರುತ್ತದೆ. ಕೆಲವರು ಅಲ್ಲಿ ಬೇರೆಯವರ ಒಂದು ಸಾಲು ತಂದು ಇಡುತ್ತಾರೆ. ಕೆಲವರು ‘ಇಂಥವರಿಗೆ’ ಅಂತ ಒಂದು ಹೆಸರು ಬರೆಯುತ್ತಾರೆ. ಹೆಸರು ಬರೆದರೆ ಅದು ಅರ್ಪಣೆ, ಅದು ಎಲ್ಲರಿಗೂ ಗೊತ್ತು. ಬೇರೆಯವರ ಸಾಲಿಗೆ ಇಂಗ್ಲಿಷಿನಲ್ಲಿ ಎಪಿಗ್ರಾಫ್ ಅನ್ನುತ್ತಾರೆ, ಆ ಮಾತಿಗೆ ಶಾಸನ ಅಂತಲೂ ಅರ್ಥ ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಎಪಿಗ್ರಾಫ್ ಅಂದರೆ ಮಾತ್ರ ‘ಐಹೊಳೆ ಶಾಸನ ಓದಾಕ ಹೊಂಟೀರೇನ್ರಿ?’ ಅಂತ ಕೇಳುತ್ತಾರೆ. ಹಾಗಾಗಿ ಇಲ್ಲಿ ಅದಕ್ಕೆ ಮೇಲುಸಾಲು ಅನ್ನುತ್ತೇನೆ.

ಮೇಲುಸಾಲು, ಅರ್ಪಣೆ ಎರಡೂ ಕವಿತೆಗಿಂತ ಮೊದಲೇ ಓದುಗನ ಕಿವಿಯಲ್ಲಿ ಏನೋ ಹೇಳಿಬಿಡುತ್ತವೆ. ಏನು ಹೇಳುತ್ತವೆ, ಅದು ಕೆಳಗೆ ಎಲ್ಲಿ ಕೆಲಸ ಮಾಡುತ್ತದೆ ಅಂತ ಕಂಡುಹಿಡಿಯಲು ನಾನು ಬಳಸುವ ದಾರಿ ಇದು. ಓದುವವರಿಗೂ ಆಗುತ್ತದೆ, ಬರೆಯುವವರಿಗೂ ಆಗುತ್ತದೆ. ಇದನ್ನು ಒಂದೇ ಕವಿತೆಯ ಮೇಲೆ ಮಾಡಿ ತೋರಿಸುತ್ತೇನೆ. ಕವಿತೆ ನನ್ನದೇ, ಅದರಲ್ಲಿ ತಪ್ಪು ಹುಡುಕಿದರೆ ಬೇಜಾರಿಲ್ಲ.

ಮುಳುಗಡೆಯ ಹಿನ್ನೆಲೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿತು, ಹಳೆ ಬಾಗಲಕೋಟೆಯ ಒಂದು ಭಾಗ ನೀರಿಗೆ ಹೋಯಿತು. ಜನ ನವನಗರಕ್ಕೆ ಬಂದರು. ಬರುವಾಗ ಮನೆಯ ಕಟ್ಟಿಗೆ ಬಿಚ್ಚಿಕೊಂಡು ಬಂದವರು ಬಹಳ ಮಂದಿ. ನಮ್ಮ ಮನೆಯ ತಲಬಾಗಿಲೂ ಹಾಗೆ ಬಂದದ್ದೇ.

ತಲಬಾಗಿಲು

ಚೌಕಟ್ಟು ಕಿತ್ತರು, ಕಲ್ಲಿನ ಗೋಡೆ ಬಿಟ್ಟರು.
ಬಂಡಿಯಲ್ಲಿ ಬಾಗಿಲು ಮಲಗಿತು
ಹೆಣದ ಹಾಗೆ, ಮುಖ ಮೇಲೆ ಮಾಡಿ.
ಆಯಿ ಹಿಂದೆ ನಡೆದೇ ಬಂದಳು.

ಹೊಸ ಮನೆಗೆ ಬಾಗಿಲು ಎತ್ತರವಾಯಿತು.
ಬಡಿಗ ಕೆಳಗೆ ನಾಲ್ಕು ಬೆರಳು ಕೊಯ್ದ.
ಹೊಸ್ತಿಲಲ್ಲಿ ಆಯಿ ಕೂತಳು, ಕಂಬದ ಹಾಗೆ.
ಒಳಗೆ ಬಾ ಅಂದರೆ ಬರಲಿಲ್ಲ.

ಬೇಸಿಗೆಗೆ ನೀರು ಇಳಿದಾಗ
ಹಳೆ ಗೋಡೆ ತಲೆ ಎತ್ತುತ್ತದೆ.
ನಡುವೆ ಬಾಗಿಲಿನ ಅಳತೆಯ ಆಕಾಶ.
ನೀ ಬಂದರೆ ಅಲ್ಲಿಂದಲೇ ಬಾ.

ಮೊದಲ ಹೆಜ್ಜೆ: ಮೇಲಿನದನ್ನು ಕೈಯಿಂದ ಮುಚ್ಚಿ ಓದಿ

ಯಾವುದೇ ಕವಿತೆಗೆ ಮೇಲುಸಾಲು ಇದ್ದರೆ ಮೊದಲು ಅದನ್ನು ಅಂಗೈಯಿಂದ ಮುಚ್ಚಿ ಕೆಳಗಿನದಷ್ಟೇ ಓದಬೇಕು. ಒಮ್ಮೆ ಮೇಲಿನದನ್ನು ಓದಿಬಿಟ್ಟರೆ ಅದನ್ನು ಮರೆತು ಓದಲು ಆಗುವುದಿಲ್ಲ. ನಾಟಕದ ಕಥೆ ಮೊದಲೇ ಕೇಳಿ ಹೋದ ಹಾಗೆ ಆಗುತ್ತದೆ.

ಮುಚ್ಚಿ ಓದಿದ ಮೇಲೆ ಒಂದೇ ಕೆಲಸ ಮಾಡಿ. ಕವಿತೆಯಲ್ಲಿ ನಿಮಗೆ ಗಟ್ಟಿಯಾಗಿ ಗೊತ್ತಾಗದ ಮಾತು ಯಾವುದು ಅಂತ ಗುರುತು ಹಾಕಿಕೊಳ್ಳಿ. ಬಹಳ ಸಲ ಅದು ‘ನೀನು’, ‘ಅವನು’, ‘ಅಲ್ಲಿ’, ‘ಆ ದಿನ’ ಇಂಥ ಚಿಕ್ಕ ಮಾತು ಆಗಿರುತ್ತದೆ. ದೊಡ್ಡ ರೂಪಕಗಳ ಹಿಂದೆ ಹೋಗಬೇಡಿ. ಮೇಲುಸಾಲಿನ ಕೈ ಮೊದಲು ತಾಗುವುದು ಈ ಚಿಕ್ಕ ಮಾತುಗಳಿಗೇ.

ನನ್ನ ಕವಿತೆಯಲ್ಲಿ ಆ ಮಾತು ಹನ್ನೆರಡನೇ ಸಾಲಿನ ‘ನೀ’. ಹನ್ನೊಂದು ಸಾಲಿನ ತನಕ ಯಾರನ್ನೂ ಕರೆದಿಲ್ಲ. ಆಯಿಯ ಬಗ್ಗೆ ‘ಬಂದಳು, ಕೂತಳು’ ಅಂತ ದೂರದಿಂದ ಹೇಳಿದೆ. ಕೊನೆಗೆ ಇದ್ದಕ್ಕಿದ್ದಂತೆ ಯಾರನ್ನೋ ‘ನೀ ಬಂದರೆ’ ಅಂದಿದೆ. ಯಾರು ಈ ನೀ? ಮೇಲೆ ಏನೂ ಇಲ್ಲದಿದ್ದಾಗ ಉತ್ತರ ಸಡಿಲವಾಗಿರುತ್ತದೆ. ಊರು ಬಿಟ್ಟು ಹೋದ ಗೆಳತಿ ಇರಬಹುದು, ಓದುವ ನೀವೇ ಇರಬಹುದು. ಭಾನುವಾರ ನಮ್ಮ ಮನೆಯಲ್ಲಿ ಐದಾರು ಜನ ಕೂತು ಓದುತ್ತೇವೆ. ಅಲ್ಲಿ ಒಬ್ಬರು ‘ಮಗಾ ಬೆಂಗಳೂರಾಗ ಅದಾನ, ಅವಂಗ ಹೇಳ್ತಾರ’ ಅಂದರು. ಅವರ ಮಗ ಬೆಂಗಳೂರಿನಲ್ಲಿ ಇದ್ದಾನೆ.

ಈ ಸಡಿಲ ಇದೆಯಲ್ಲ, ಅದೇ ಅಳತೆಗೋಲು. ಮೇಲೆ ಏನಾದರೂ ಇಟ್ಟ ಮೇಲೆ ಇದು ಎಷ್ಟು ಬಿಗಿಯಾಯಿತು, ಯಾವ ಕಡೆ ವಾಲಿತು ಅಂತ ನೋಡುವುದು ಮುಂದಿನ ಕೆಲಸ.

ಎರಡನೇ ಹೆಜ್ಜೆ: ಕೈ ತೆಗೆಯಿರಿ, ಸಾಲು ಏನು ಮಾತು ಕೊಡುತ್ತದೆ ಅಂತ ಬರೆದುಕೊಳ್ಳಿ

ಈಗ ಶೀರ್ಷಿಕೆಯ ಕೆಳಗೆ ಇದನ್ನು ಇಡೋಣ:

*ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.*
*ಬಸವಣ್ಣ*

ಕೆಳಗೆ ಇಳಿಯುವ ಮೊದಲು ಒಂದು ನಿಮಿಷ ನಿಲ್ಲಿ. ಈ ಸಾಲು ಓದಿದ ಮೇಲೆ ಎಂಥ ಕವಿತೆ ಬರಬಹುದು ಅನ್ನಿಸುತ್ತದೆ ಅಂತ ಎರಡು ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು. ಕವಿತೆ ಓದಿ ಮುಗಿಸಿದ ಮೇಲೆ ‘ನಾನೂ ಇದನ್ನೇ ಅಂದುಕೊಂಡಿದ್ದೆ’ ಅಂತ ಮನಸ್ಸು ಸುಳ್ಳು ಹೇಳುತ್ತದೆ.

ನಾನು ಬರೆದುಕೊಂಡದ್ದು ಹೀಗಿತ್ತು: ‘ಕಟ್ಟಿದ್ದು ಬೀಳುತ್ತದೆ, ನಡೆಯುವುದು ಉಳಿಯುತ್ತದೆ. ಧ್ವನಿ ಗಂಭೀರ, ಕೊನೆಯಲ್ಲಿ ಸಮಾಧಾನ.’

ಈ ಕಣ್ಣಿನಿಂದ ಕೆಳಗೆ ಇಳಿದರೆ ಮೊದಲ ನಾಲ್ಕು ಸಾಲು ಸರಿಯಾಗಿ ಕೂರುತ್ತವೆ. ಮನೆ ಸ್ಥಾವರ, ಅದು ಕಿತ್ತುಹೋಯಿತು. ಆಯಿ ‘ನಡೆದೇ ಬಂದಳು’. ಅವಳು ಜಂಗಮ. ಮೇಲುಸಾಲು ಇಲ್ಲದಾಗ ‘ನಡೆದೇ’ ಅನ್ನುವುದು ಬರೀ ಸುಸ್ತಿನ ಮಾತಾಗಿತ್ತು, ಬಂಡಿಯಲ್ಲಿ ಜಾಗ ಇರಲಿಲ್ಲ ಅಷ್ಟೇ. ಈಗ ಆ ‘ನಡೆದೇ’ಗೆ ತೂಕ ಬಂತು.

ಆದರೆ ಏಳನೇ ಸಾಲಿಗೆ ಬಂದಾಗ ಎಡವುತ್ತೇವೆ. ಆಯಿ ಹೊಸ್ತಿಲಲ್ಲಿ ಕಂಬದ ಹಾಗೆ ಕೂತುಬಿಟ್ಟಳು. ಜಂಗಮವೇ ಸ್ಥಾವರ ಆಯಿತು! ಇನ್ನು ಮೂರನೇ ನುಡಿಯಲ್ಲಿ ಅಳಿಯಬೇಕಿದ್ದ ಗೋಡೆ ಬೇಸಿಗೆ ಬಂದರೆ ಎದ್ದು ನಿಲ್ಲುತ್ತದೆ. ಸ್ಥಾವರ ಅಳಿದಿಲ್ಲ. ಅಂದರೆ ಕವಿತೆ ಮೇಲಿನ ಸಾಲಿನ ಜೊತೆ ಹೂಂಗುಟ್ಟುತ್ತಿಲ್ಲ, ವಾದಕ್ಕೆ ನಿಂತಿದೆ. ನಾನು ಬರೆಯುವಾಗ ಇದನ್ನು ಯೋಚಿಸಿಯೇ ಇರಲಿಲ್ಲ. ಮೇಲುಸಾಲು ಇಟ್ಟ ಮೇಲೆ ಕಂಡದ್ದು.

ಮೇಲುಸಾಲು ಇಲ್ಲಿ ಒಂದು ಮಾತು ಕೊಟ್ಟಿತು, ಕವಿತೆ ಅದನ್ನು ಅರ್ಧ ನಡೆಸಿ ಅರ್ಧ ಮುರಿಯಿತು. ಮುರಿದ ಜಾಗವನ್ನು ಬೆರಳಿಟ್ಟು ತೋರಿಸಲು ಆಗಬೇಕು: ಏಳನೇ ಸಾಲು, ‘ಕಂಬ’. ಹಾಗೆ ಒಂದು ಜಾಗವೂ ಸಿಗದಿದ್ದರೆ ಆ ಮೇಲುಸಾಲು ಸುಮ್ನೆ ಕೂತಿದೆ ಅಂತ ಅರ್ಥ.

ಮೂರನೇ ಹೆಜ್ಜೆ: ಸಾಲು ಬಂದ ಮನೆಗೆ ಹೋಗಿ ಬನ್ನಿ

ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಮೇಲುಸಾಲು ಎಲ್ಲಿಂದ ಬಂತೋ ಅಲ್ಲಿ ಅದರ ಹಿಂದೆ ಮುಂದೆ ಏನಿದೆ ಅಂತ ಪೂರ್ತಿ ಓದಬೇಕು. ಕವಿ ಒಂದೇ ಸಾಲು ತಂದಿದ್ದರೂ ಗೊತ್ತಿರುವ ಓದುಗನ ಕಿವಿಗೆ ಇಡೀ ವಚನವೇ ಬರುತ್ತದೆ.

ಈ ವಚನ ಶುರುವಾಗುವುದು ಉಳ್ಳವರು ಶಿವಾಲಯ ಮಾಡುವ ಮಾತಿನಿಂದ. ಆಮೇಲೆ ‘ನಾನೇನ ಮಾಡುವೆ ಬಡವನಯ್ಯಾ’ ಅಂತ ಬರುತ್ತದೆ. ಆಮೇಲೆ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’. ನೋಡಿ, ಕಂಬ ಅಲ್ಲೇ ಇದೆ! ಆಯಿ ಕಂಬದ ಹಾಗೆ ಕೂತಳು ಅಂದಾಗ ವಚನ ಗೊತ್ತಿದ್ದವರಿಗೆ ‘ಕಾಲೇ ಕಂಬ’ ಕೇಳಿಸಿಯೇ ತೀರುತ್ತದೆ. ಈಗ ಆಯಿ ಕಲ್ಲಾದಳು ಅಂತಲೂ ಓದಬಹುದು, ಅವಳ ಮೈಯೇ ಆ ಮನೆಯಾಯಿತು ಅಂತಲೂ ಓದಬಹುದು. ಹಿಂದಿನ ಹೆಜ್ಜೆಯಲ್ಲಿ ವಾದ ಅಂದುಕೊಂಡದ್ದು ಇಲ್ಲಿ ಅಷ್ಟು ಸರಳ ಉಳಿಯಲಿಲ್ಲ. ಮೇಲೆ ಬರೆಯದೆ ಬಿಟ್ಟ ಸಾಲೂ ಕೆಳಗೆ ಕೆಲಸ ಮಾಡುತ್ತಿದೆ.

ವಚನದ ಕೊನೆಯಲ್ಲಿ, ನಾನು ತಂದ ಸಾಲಿಗೆ ತುಸು ಮುಂಚೆ, ‘ಕೂಡಲಸಂಗಮದೇವಾ’ ಅಂತ ಅಂಕಿತ ಬರುತ್ತದೆ. ಯಾರಿಗೆ ಹೇಳುತ್ತಿದ್ದೇನೆ ಅನ್ನುವುದು ವಚನದಲ್ಲಿ ತಿಳಿಯುವುದು ಕೊನೆಗೆ. ನಾವು ಇಂದು ಅರ್ಪಣೆ ಅಂತ ತಲೆಯ ಮೇಲೆ ಬರೆಯುವುದನ್ನು ಅವರು ಪಾದದಲ್ಲಿ ಬರೆದರು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹೆಸರು ಕೊನೆಗೆ ಬಂದರೆ ಕೇಳಿದ್ದೆಲ್ಲ ಹಿಂದಕ್ಕೆ ತಿರುಗಿ ಅವನ ಪಾಲಾಗುತ್ತದೆ. ಮೊದಲೇ ಬಂದರೆ ಒಂದೊಂದು ಸಾಲನ್ನೂ ಅವನಿಗೆ ಹೇಳಿದ್ದು ಅಂತಲೇ ಕೇಳುತ್ತೇವೆ. ನನ್ನ ಕವಿತೆಯ ‘ನೀ’ ಕೊನೆಯ ಸಾಲಿನಲ್ಲಿ ಇರುವುದರಿಂದ, ಅಂಕಿತ ಬರುವ ಜಾಗದಲ್ಲೇ ಕೂತಿದೆ. ಮೇಲೆ ವಚನ ಇಟ್ಟರೆ ಆ ‘ನೀ’ ದೇವರ ಕಡೆ ವಾಲುತ್ತದೆ. ಬಾಗಿಲಿನ ಅಳತೆಯ ಆಕಾಶದಿಂದ ಬಾ ಅಂತ ಕರೆದರೆ ಇನ್ನಾರನ್ನು ಕರೆದ ಹಾಗಾಯಿತು, ಅಲ್ವಾ?

ಮೂಲಕ್ಕೆ ಹೋಗದಿದ್ದರೆ ಏನು ತಪ್ಪುತ್ತದೆ ಅನ್ನುವುದಕ್ಕೆ ಇಂಗ್ಲಿಷಿನ ಒಂದು ಕವಿತೆ ಬಹಳ ಒಳ್ಳೆಯ ಉದಾಹರಣೆ. ಟಿ.ಎಸ್. ಎಲಿಯಟ್ 1915ರಲ್ಲಿ ಪ್ರಕಟಿಸಿದ ‘ಪ್ರೂಫ್ರಾಕ್’ ಕವಿತೆಯ ಹೆಸರಿನಲ್ಲೇ ಪ್ರೇಮಗೀತೆ ಅಂತ ಇದೆ. ಪುಸ್ತಕದಲ್ಲಿ ಅದರ ಕೆಳಗೆ ಇಟಾಲಿಯನ್ನಿನಲ್ಲಿ ಆರು ಸಾಲು, ಅನುವಾದ ಇಲ್ಲ. ಭಾಷೆ ಬಾರದವನು ಏನೋ ದೊಡ್ಡವರ ಮಾತು ಅಂತ ದಾಟಿಕೊಂಡು ಹೋಗುತ್ತಾನೆ. ಅದು ಇಟಲಿಯ ಕವಿ ದಾಂತೆ ತಾನೇ ನರಕದಲ್ಲಿ ನಡೆದ ಹಾಗೆ ಬರೆದ ಕಾವ್ಯದ ನರಕದ ಭಾಗದಿಂದ ಬಂದದ್ದು. ಅಲ್ಲಿ ಬೆಂಕಿಯೊಳಗೆ ಇರುವ ಒಬ್ಬ ಹೇಳುತ್ತಾನೆ: ನನ್ನ ಮಾತು ಕೇಳುವವನು ಮತ್ತೆ ಲೋಕಕ್ಕೆ ಹೋಗುತ್ತಾನೆ ಅಂತ ಗೊತ್ತಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಇಲ್ಲಿಂದ ಯಾರೂ ಜೀವಂತ ಹೋಗಿಲ್ಲವಂತೆ, ಹಾಗಾಗಿ ಮಾನ ಹೋಗುವ ಭಯ ಇಲ್ಲದೆ ಹೇಳುತ್ತೇನೆ.

ಇಷ್ಟು ತಿಳಿದರೆ ಪ್ರೇಮಗೀತೆಯ ನಿರೀಕ್ಷೆ ಪೂರ್ತಿ ಬದಲಾಗುತ್ತದೆ. ಇನ್ನು ಮುಂದೆ ಬರುವುದು ಯಾರ ಮುಂದೆಯೂ ಹೇಳಲಾಗದ ಗುಟ್ಟು ಅಂತ ಗೊತ್ತಾಗುತ್ತದೆ. ಮೂಲದಲ್ಲಿ ಇನ್ನೊಂದು ಎಳೆ ಇದೆ. ಕೇಳುತ್ತಿದ್ದ ದಾಂತೆ ನರಕದಿಂದ ವಾಪಸ್ ಬಂದೇ ಬಂದ, ಬಂದು ಎಲ್ಲವನ್ನೂ ಬರೆದ. ಹಾಗಾದರೆ ಪ್ರೂಫ್ರಾಕನ ಗುಟ್ಟು ಕೇಳಿಸಿಕೊಂಡ ನಾವು ಯಾರು? ಇದು ಆ ಆರು ಸಾಲಿನಲ್ಲಿ ಇಲ್ಲ, ಅದರ ಹಿಂದೆ ಮುಂದೆ ಇದೆ.

ನಾಲ್ಕನೇ ಹೆಜ್ಜೆ: ಸಾಲು ಬದಲಿಸಿ ಇಟ್ಟು ನೋಡಿ

ಒಂದು ಮೇಲುಸಾಲು ಏನು ಮಾಡುತ್ತಿದೆ ಅಂತ ಗೊತ್ತಾಗುವುದು ಇನ್ನೊಂದನ್ನು ಅದರ ಜಾಗದಲ್ಲಿ ಇಟ್ಟಾಗ. ಕವಿಗಳೂ ಹೀಗೆ ಬದಲಿಸಿದ್ದಾರೆ. ವರ್ಡ್ಸ್‌ವರ್ತ್ ತನ್ನ ‘ಅಮರತ್ವದ ಓಡ್’ ಅನ್ನುವ ಕವಿತೆಯನ್ನು 1807ರಲ್ಲಿ ಅಚ್ಚು ಹಾಕಿಸಿದಾಗ ಮೇಲೆ ವರ್ಜಿಲನ ಲ್ಯಾಟಿನ್ ಮಾತು ಇತ್ತು: ಇನ್ನು ಸ್ವಲ್ಪ ದೊಡ್ಡದನ್ನು ಹಾಡೋಣ. 1815ರಲ್ಲಿ ಅದನ್ನು ತೆಗೆದು ತನ್ನದೇ ಇನ್ನೊಂದು ಚಿಕ್ಕ ಕವಿತೆಯ ಮೂರು ಸಾಲು ಇಟ್ಟ. ಮಗುವೇ ಮನುಷ್ಯನ ತಂದೆ ಅನ್ನುವ ಮಾತು ಇರುವ ಸಾಲುಗಳು. ಹಳೆಯದು ಶ್ರುತಿ ಹಿಡಿದು ಕೊಟ್ಟಿತು ಅಷ್ಟೇ, ವಿಷಯ ಹೇಳಲಿಲ್ಲ. ಹೊಸದು ವಿಷಯವನ್ನೇ ಕೈಗೆ ಕೊಟ್ಟಿತು. ಮೊದಲನೆಯದರ ಕೆಳಗೆ ಓದುಗ ‘ಏನೋ ಗಂಭೀರವಾದದ್ದು ಬರುತ್ತದೆ’ ಅಂತ ಕಾಯುತ್ತಾನೆ. ಎರಡನೆಯದರ ಕೆಳಗೆ ಬಾಲ್ಯವನ್ನೇ ಹುಡುಕುತ್ತಾ ಹೋಗುತ್ತಾನೆ.

ನನ್ನ ಕವಿತೆಗೆ ಬರೋಣ. ವಚನ ತೆಗೆದು ಇದನ್ನು ಇಟ್ಟೆ:

*ಆಲಮಟ್ಟಿ ಜಲಾಶಯ. ಗರಿಷ್ಠ ಮಟ್ಟ: 519.60 ಮೀಟರ್*

ಮಳೆಗಾಲದಲ್ಲಿ ಪೇಪರಿನ ಮೂಲೆಯಲ್ಲಿ ದಿನಾ ಬರುವ ಸಾಲು. ಮೇಲುಸಾಲು ಅಂದರೆ ದೊಡ್ಡ ಕವಿಯದೇ ಆಗಬೇಕು ಅಂತ ಏನಿಲ್ಲ. ನೋಟಿಸು, ಗೋಡೆ ಬರಹ, ಬಸ್ಸಿನ ಬೋರ್ಡು, ಗರತಿಯರ ತ್ರಿಪದಿ, ಯಾವುದೂ ಆಗಬಹುದು. ಆದರೆ ಒಂದೊಂದೂ ಬೇರೆ ಥರದ ಮಾತು ಕೊಡುತ್ತದೆ.

ಈ ಸಂಖ್ಯೆ ಕೊಟ್ಟ ಮಾತು ಏನು? ನಮ್ಮ ಭಾನುವಾರದ ಗುಂಪಿನಲ್ಲಿ ನಾಲ್ಕು ಜನ ಒಂದೇ ಥರ ಬರೆದಿದ್ದರು: ಹೋರಾಟದ ಕವಿತೆ, ಸಿಟ್ಟು ಇರುತ್ತದೆ, ಪರಿಹಾರದ ಮಾತು ಬರುತ್ತದೆ. ಕವಿತೆಯಲ್ಲಿ ಸಿಟ್ಟೂ ಇಲ್ಲ, ಪರಿಹಾರವೂ ಇಲ್ಲ. ಹಾಗಾಗಿ ಓದಿ ಮುಗಿಸಿದಾಗ ಇಬ್ಬರಿಗೆ ಸಪ್ಪೆ ಅನ್ನಿಸಿತು. ‘ಇಷ್ಟ ಏನ್ರಿ? ಸಂಖ್ಯಾ ನೋಡಿ ನಾ ಬ್ಯಾರೇನ ಅನ್ಕೊಂಡಿದ್ದೆ’ ಅಂದರು ಒಬ್ಬ ಅಕ್ಕಾರು. ಅವರದು ತಪ್ಪಲ್ಲ. ನಾನು ಮೇಲೆ ಕೊಟ್ಟ ಮಾತನ್ನು ಕೆಳಗೆ ನಡೆಸಲೂ ಇಲ್ಲ, ಸರಿಯಾಗಿ ಮುರಿಯಲೂ ಇಲ್ಲ. ಬರೀ ಮರೆತುಬಿಟ್ಟೆ.

ಹಾಗಿದ್ದೂ ಈ ಸಂಖ್ಯೆ ಒಂದು ಕೆಲಸ ಮಾಡಿತು. ಮೇಲೆ ನೀರಿನ ಮಟ್ಟ ಇದ್ದರೆ ಕೊನೆಯ ‘ನೀ’ ನೀರು ಆಗಿಬಿಡುತ್ತದೆ! ‘ನೀ ಬಂದರೆ ಅಲ್ಲಿಂದಲೇ ಬಾ.’ ಬರುವುದಾದರೆ ಬಾಗಿಲಿನಿಂದ ಬಾ, ಕಳ್ಳನ ಹಾಗೆ ಹಿಂದಿನಿಂದ ಬರಬೇಡ. ಅಣೆಕಟ್ಟನ್ನು 524.256 ಮೀಟರಿಗೆ ಏರಿಸುವ ಮಾತು ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಬಾಗಲಕೋಟೆಯ ಓದುಗನಿಗೆ ಈ ಸಾಲು ಓದುವಾಗ ಕಾಲ ಕೆಳಗೆ ಒದ್ದೆಯಾಗುತ್ತದೆ. ಮೈಸೂರಿನ ಗೆಳೆಯರೊಬ್ಬರಿಗೆ ಕಳಿಸಿದೆ, ಅವರಿಗೆ 519.60 ಒಂದು ಸಂಖ್ಯೆ ಮಾತ್ರ. ‘ಇದು ಏನು, ಸಮುದ್ರಮಟ್ಟದ ಎತ್ತರವಾ?’ ಅಂತ ಕೇಳಿದರು. ಊರಿನ ಮೇಲುಸಾಲಿಗೆ ಊರಿನ ಎಲ್ಲೆ ಇರುತ್ತದೆ.

ವಚನಕ್ಕೂ ಅದರದೇ ಒಂದು ಎಲ್ಲೆ ಇದೆ, ಅದು ಉಲ್ಟಾ ಕಡೆಯದು. ಅದು ಜಾಸ್ತಿ ಗೊತ್ತಿರುವ ಸಾಲು. ಪ್ರತಿ ವೇದಿಕೆಯಲ್ಲಿ ಕೇಳಿ ಕೇಳಿ, ಓದುಗ ‘ಹೌದಪ್ಪ, ಗೊತ್ತು’ ಅಂತ ತಲೆ ಆಡಿಸಿ, ಅದೇ ತಲೆ ಆಡಿಸುತ್ತಾ ಕವಿತೆಯನ್ನೂ ದಾಟಿಬಿಡುತ್ತಾನೆ. ನಮ್ಮ ಗುಂಪಿನಲ್ಲಿ ಇಬ್ಬರು ‘ಕಂಬ’ದಲ್ಲಿ ಎಡವಲೇ ಇಲ್ಲ. ಅವರ ಓದು ಮೊದಲ ನುಡಿಯಲ್ಲೇ ಮುಗಿದಿತ್ತು.

ಐದನೇ ಹೆಜ್ಜೆ: ಅರ್ಪಣೆ ಇದ್ದರೆ ಸರ್ವನಾಮ ಹಿಡಿಯಿರಿ

ಅರ್ಪಣೆಯಲ್ಲಿ ವಿಷಯ ಇರುವುದಿಲ್ಲ, ಒಬ್ಬ ಮನುಷ್ಯ ಇರುತ್ತಾನೆ. ಹಾಗಾಗಿ ಅದನ್ನು ಪರೀಕ್ಷೆ ಮಾಡುವ ದಾರಿ ಬೇರೆ. ಕವಿತೆಯಲ್ಲಿ ‘ನೀನು’ ಇದೆಯಾ ನೋಡಿ. ಇದ್ದರೆ ಅರ್ಪಣೆಯ ಹೆಸರು ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಇಲ್ಲದಿದ್ದರೆ ಓದುಗ ಕವಿತೆಯ ಯಾವುದಾದರೂ ಪಾತ್ರದಲ್ಲಿ ಆ ಮನುಷ್ಯನನ್ನು ಹುಡುಕುತ್ತಾನೆ. ಎರಡೂ ಸಿಗದಿದ್ದರೆ ತಾನು ಮೂರನೆಯವನು, ಇಬ್ಬರ ಮಾತು ಕದ್ದು ಕೇಳುತ್ತಿದ್ದೇನೆ ಅಂದುಕೊಳ್ಳುತ್ತಾನೆ.

ನಾನು ಬರೆದ ಅರ್ಪಣೆ ಒಂದೇ ಮಾತು:

*ಆಯಿಗೆ*

ಈಗ ಕೊನೆಯ ‘ನೀ’ ಆಯಿ. ಹನ್ನೊಂದು ಸಾಲು ‘ಅವಳು’ ಆಗಿದ್ದವಳು ಹನ್ನೆರಡನೇ ಸಾಲಿನಲ್ಲಿ ‘ನೀ’ ಆದಳು. ದೂರ ನಿಂತು ಅವಳ ಕಥೆ ಹೇಳುತ್ತಿದ್ದವನು ಥಟ್ಟನೆ ಅವಳ ಕಡೆಗೇ ತಿರುಗಿದ ಹಾಗೆ. ಎಂಟನೇ ಸಾಲಿನಲ್ಲಿ ‘ಬಾ ಅಂದರೆ ಬರಲಿಲ್ಲ’, ಕೊನೆಗೆ ಮತ್ತೆ ‘ಬಾ’. ಈ ಎರಡು ‘ಬಾ’ಗಳ ನಂಟು ವಚನದ ಕೆಳಗೂ ಕಾಣಲಿಲ್ಲ, ಸಂಖ್ಯೆಯ ಕೆಳಗೂ ಕಾಣಲಿಲ್ಲ. ಆಗ ಹೊಸ ಬಾಗಿಲಿನಿಂದ ಬಾ ಅಂದದ್ದಕ್ಕೆ ಅವಳು ಬರಲಿಲ್ಲ. ಈಗ ಹಳೆ ಬಾಗಿಲಿನಿಂದ ಬಾ ಅನ್ನುತ್ತಿದ್ದೇನೆ, ನಾಲ್ಕು ಬೆರಳು ಕೊಯ್ಯದ ಬಾಗಿಲು.

ಆಯಿ ತೀರಿಕೊಂಡಳು ಅಂತ ಕವಿತೆ ಎಲ್ಲೂ ಹೇಳಿಲ್ಲ. ಕೊನೆಯ ಸಾಲಿನಲ್ಲಿ ಓದುಗನಿಗೆ ತಾನೇ ಹೊಳೆಯುತ್ತದೆ. ಅದಕ್ಕೇ ಅರ್ಪಣೆಯ ಮಾತಿನ ಬಗ್ಗೆ ಜಿಪುಣನಾಗಬೇಕು. ನಾನು ಮೊದಲು ‘ಆಯಿಯ ನೆನಪಿಗೆ’ ಅಂತ ಬರೆದಿದ್ದೆ. ಆ ‘ನೆನಪಿಗೆ’ ಬಂದ ಕೂಡಲೇ ಸಾವು ಮೊದಲೇ ತಿಳಿದುಹೋಗುತ್ತದೆ. ಮೂರನೇ ಸಾಲಿನ ‘ಹೆಣದ ಹಾಗೆ’ ಓದುವಾಗಲೇ ಓದುಗ ಅಳಲು ರೆಡಿಯಾಗಿರುತ್ತಾನೆ. ಕೊನೆಯ ಸಾಲಿಗೆ ಹೇಳಲು ಏನೂ ಉಳಿಯುವುದಿಲ್ಲ. ಒಂದು ಮಾತು ಕಡಿಮೆ ಮಾಡಿದೆ, ಸಾವು ಮೂರನೇ ಸಾಲಿನಿಂದ ಹನ್ನೆರಡನೇ ಸಾಲಿಗೆ ಸರಿಯಿತು.

ತೀರಿಕೊಂಡವರಿಗೆ ಅರ್ಪಿಸುವಾಗ ‘ಸ್ಮರಣೆಗೆ’ ಅನ್ನದೆಯೇ, ಅವರು ಎದುರಿಗೆ ಇದ್ದಾರೆ ಅನ್ನುವ ಹಾಗೆ ಮಾತಾಡುವುದು ಕನ್ನಡದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಕುವೆಂಪು ತಮ್ಮ ರಾಮಾಯಣವನ್ನು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದಾರೆ, ಪದ್ಯದಲ್ಲಿಯೇ. ಗುರು 1939ರಲ್ಲೇ ತೀರಿಕೊಂಡಿದ್ದರು. ಶಿಷ್ಯ ಮಾತ್ರ, ಇಗೋ ಮುಗಿಸಿ ತಂದಿದ್ದೇನೆ ಅಂತ ಮನೆಗೆ ಬಂದವನ ಹಾಗೆ ಮಾತು ಶುರು ಮಾಡುತ್ತಾನೆ. ಮಹಾಕಾವ್ಯ ಅಂತ ಹೆದರಿಕೊಂಡು ಪುಸ್ತಕ ತೆರೆದವನಿಗೆ ಮೊದಲು ಸಿಗುವುದು ಗುರು ಶಿಷ್ಯರು ಕೂತ ಒಂದು ಕೋಣೆ. ನಾವು ಬಾಗಿಲಲ್ಲಿ ನಿಂತು ಕೇಳುತ್ತೇವೆ.

ಅರ್ಪಣೆಯಲ್ಲಿ ಬಳಸುವ ನಂಟಿನ ಹೆಸರಿಗೂ ಊರಿನ ಎಲ್ಲೆ ಇದೆ ಅಂತ ನನಗೆ ಗೊತ್ತಾದದ್ದು ತಡವಾಗಿ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಮರಾಠಿ ಮನೆಗಳಲ್ಲಿ ಆಯಿ ಅಂದರೆ ತಾಯಿ. ಬೆಳಗಾವಿಯ ಗೆಳೆಯನೊಬ್ಬ ಓದಿ ‘ನಿಮ್ಮವ್ವನ ಮ್ಯಾಲೆ ಭಾಳ ಛಲೋ ಬರದೀ ದೋಸ್ತ’ ಅಂದ. ನಮ್ಮವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವನ ಓದಿನಲ್ಲಿ ಹೊಸ್ತಿಲಲ್ಲಿ ಕೂತವಳಿಗೆ ಮೂವತ್ತು ವರ್ಷ ಕಡಿಮೆಯಾಗಿತ್ತು. ಹಟ ಮಾಡುವ ನಡುವಯಸ್ಸಿನ ಹೆಂಗಸು, ಸಂಸಾರದ ಜಗಳ, ಹೀಗೆ ಅವನು ಬೇರೆಯೇ ಕಥೆ ಕಟ್ಟಿಕೊಂಡಿದ್ದ. ‘ಅಜ್ಜಿಗೆ’ ಅಂತ ಬದಲಿಸಬಹುದಿತ್ತು. ಬದಲಿಸಲಿಲ್ಲ. ಅವಳನ್ನು ನಾನು ಯಾವತ್ತೂ ಅಜ್ಜಿ ಅಂದಿಲ್ಲ.

ಇನ್ನೊಂದು ಥರದ ಅರ್ಪಣೆ ಬಗ್ಗೆ ಎರಡೇ ಮಾತು. ಊರಿನ ದೊಡ್ಡವರ, ಅಧ್ಯಕ್ಷರ, ಅತಿಥಿಗಳ ಹೆಸರು ಕವಿತೆಯ ಮೇಲೆ ಬರೆದರೆ ಓದುಗ ಹೊಗಳಿಕೆಗೆ ಕಾಯುತ್ತಾನೆ. ಕೆಳಗೆ ಬೀಜ ಬಿತ್ತುವ ಕವಿತೆ ಇದ್ದರೂ ಆ ರೈತನಲ್ಲಿ ಅಧ್ಯಕ್ಷರನ್ನೇ ಹುಡುಕುತ್ತಾನೆ. ಆ ಋಣ ತೀರಿಸಬೇಕಿದ್ದರೆ ಪುಸ್ತಕದ ಮೊದಲ ಪುಟದಲ್ಲಿ ತೀರಿಸಿ. ಪುಸ್ತಕಕ್ಕೆ ಮಾಡಿದ ಅರ್ಪಣೆ ಒಂದೊಂದು ಕವಿತೆಯ ‘ನೀನು’ವಿನ ತನಕ ಇಳಿಯುವುದು ಕಡಿಮೆ.

ಆರನೇ ಹೆಜ್ಜೆ: ಎರಡೂ ಇಡಬೇಕಾ, ಹೇಗೆ ಇಡಬೇಕು

ಅರ್ಪಣೆ ಮತ್ತು ಮೇಲುಸಾಲು ಎರಡನ್ನೂ ಇಟ್ಟರೆ ವಾಡಿಕೆಯಲ್ಲಿ ಅರ್ಪಣೆ ಮೇಲೆ, ಮೇಲುಸಾಲು ಅದರ ಕೆಳಗೆ ಬರುತ್ತದೆ. ಕವಿತೆಗೆ ಹತ್ತಿರ ಇರುವುದರ ಬಿಸಿ ಜಾಸ್ತಿ. ನಾನು ‘ಆಯಿಗೆ’ ಬರೆದು ಕೆಳಗೆ 519.60 ಇಟ್ಟಾಗ ಒಂದು ಒಳ್ಳೆಯ ಜಗ್ಗಾಟ ಹುಟ್ಟಿತು. ಕೊನೆಯ ‘ನೀ’ಗೆ ಇಬ್ಬರು ಹಕ್ಕುದಾರರು ಬಂದರು, ಆಯಿ ಮತ್ತು ನೀರು. ಅವಳು ಬಂದರೆ ನೀರಿನೊಳಗಿಂದಲೇ ಬರಬೇಕು. ವಚನವನ್ನೂ ಸೇರಿಸಿ ಮೂರೂ ಇಟ್ಟಾಗ ಮಾತ್ರ ಕವಿತೆ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತು. ಹನ್ನೆರಡು ಸಾಲಿನ ಕವಿತೆಗೆ ನಾಲ್ಕು ಸಾಲಿನ ತಲೆಭಾರ ಆಗುವುದಿಲ್ಲ. ಮೇಲುಸಾಲೇ ಕವಿತೆಗಿಂತ ಚೆನ್ನಾಗಿ ನೆನಪಿನಲ್ಲಿ ಉಳಿದರೆ, ಕೇಳಿದವರು ಅದನ್ನೇ ಗುನುಗುತ್ತಾ ಮನೆಗೆ ಹೋದರೆ, ತೆಗೆದುಬಿಡಿ.

ಅಚ್ಚಿನ ವಿಷಯ ಸಣ್ಣದು, ಆದರೆ ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ಮೇಲುಸಾಲನ್ನು ಕವಿತೆಗಿಂತ ಚಿಕ್ಕ ಅಕ್ಷರದಲ್ಲಿ, ಓರೆ ಅಕ್ಷರದಲ್ಲಿ, ಬಲಕ್ಕೆ ಸರಿಸಿ ಹಾಕಿ. ಕೆಳಗೆ ಯಾರದು ಅಂತ ಬರೆಯಿರಿ. ಕವಿತೆಗೂ ಅದಕ್ಕೂ ನಡುವೆ ಒಂದು ಸಾಲಿನಷ್ಟು ಜಾಗ ಬಿಡಿ. ವಚನ ಅಥವಾ ತ್ರಿಪದಿ ಆದರೆ ಫೋನಿನಲ್ಲಿ ಬಂದ ಪಾಠ ನಂಬದೆ ಸಂಪುಟ ನೋಡಿ ಬರೆದುಕೊಳ್ಳಿ. ಇದೇ ವಚನದ ಮೊದಲ ಸಾಲು ‘ಮಾಡುವರು’ ಅಂತಲೂ ‘ಮಾಡಿಹರು’ ಅಂತಲೂ ಓಡಾಡುತ್ತದೆ.

ನಾನು ವಚನ ಇಟ್ಟಿದ್ದ ದಿನಗಳಲ್ಲಿ ಒಂದು ಪತ್ರಿಕೆಗೆ ಕವಿತೆ ಕಳಿಸಿದ್ದೆ. ಜಾಗ ಸಾಲದೆ ಅವರು ಬಸವಣ್ಣನ ಹೆಸರು ಬಿಟ್ಟು, ಸಾಲನ್ನು ಕವಿತೆಯ ಅಕ್ಷರದಲ್ಲೇ, ಕವಿತೆಗೆ ಅಂಟಿಸಿ ಹಾಕಿಬಿಟ್ಟರು. ಸ್ಥಾವರ ಜಂಗಮದ ಸಾಲು ನನ್ನ ಮೊದಲ ಸಾಲಾಗಿತ್ತು! ನೆರೆಯ ಕಾಕಾ ಪೇಪರು ಹಿಡಿದುಕೊಂಡು ಬಂದು ‘ಅಲ್ಲೋ ತಮ್ಮಾ, ಕದಿಯೂದಾದ್ರ ಯಾರಿಗೂ ಗೊತ್ತಿಲ್ದಾರ್ದು ಕದೀಬೇಕಲ್ಲೋ’ ಅಂದರು. ನಗು ಬಂತು, ಆದರೆ ಇನ್ನೊಂದು ವಿಷಯ ಗಮನಿಸಿ. ಸಾಲು ಕವಿತೆಯೊಳಗೆ ಸೇರಿದ ಕೂಡಲೇ ವಾದ ಸತ್ತುಹೋಯಿತು. ಬೇರೆಯವರ ಮಾತಾಗಿ ಮೇಲೆ ನಿಂತಿದ್ದರೆ ಏಳನೇ ಸಾಲು ಅದಕ್ಕೆ ಎದುರು ಮಾತಾಡುತ್ತಿತ್ತು. ನನ್ನದೇ ಮಾತಾದಾಗ, ನಾನು ಒಂದು ಹೇಳಿ ಆಮೇಲೆ ಇನ್ನೊಂದು ಹೇಳಿದ ಗೊಂದಲದ ಮನುಷ್ಯನಾದೆ.

ಕಡೆಗೆ ಏನು ಉಳಿಸಿಕೊಂಡೆ ಅಂದರೆ, ಕೆಲವು ತಿಂಗಳು ‘ಆಯಿಗೆ’ ಮತ್ತು 519.60 ಎರಡೂ ಇದ್ದವು. ಮೊನ್ನೆ ಬೀಳಗಿ ಕಡೆಯ ಮುಳುಗಡೆ ಊರಿನ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಅವರಿಗೆ ಮೇಲಿನದನ್ನೆಲ್ಲ ಬಿಟ್ಟು ಬರೀ ಕವಿತೆ ಓದಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ‘ಆ ನೀ ಅಂತೀರಲ್ಲ, ಅದು ನೀರs ಹೌದಲ್ರಿ?’ ಅಂದರು. ಅವರು ಹೋದ ಮೇಲೆ ಸಂಖ್ಯೆ ಹೊಡೆದು ಹಾಕಿದೆ. ‘ಆಯಿಗೆ’ ಇದೆ.